ಹಳೆಯ ಫೋಟೊ ಸ್ಪಷ್ಟವಾದಾಗ ಮುಖ ಬದಲಾಗುವುದೇಕೆ?

2024ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ನ್ಯಾಯಾಲಯವೊಂದು ಕೊಲೆ ಮೊಕದ್ದಮೆಯಲ್ಲಿ ಆರೋಪಿಯ ವಕೀಲರು ತಂದಿದ್ದ ವಿಡಿಯೊ ಒಂದನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಮೊಬೈಲಿನಲ್ಲಿ ತೆಗೆದ ಮಸುಕು ದೃಶ್ಯವನ್ನು ಎಐ ಸಾಫ್ಟ್‌ವೇರ್‌ನಿಂದ ಸ್ಪಷ್ಟಗೊಳಿಸಲಾಗಿತ್ತು. ಸ್ಪಷ್ಟಗೊಂಡಿದ್ದೇ ಅದನ್ನು ಬದಿಗಿಡಲು ಕಾರಣವಾಯಿತು. 2025ರ ಸೆಪ್ಟೆಂಬರಿನಲ್ಲಿ ಅದೇ ದೇಶದ ಯೂಟಾ ರಾಜ್ಯದಲ್ಲಿ ನಡೆದ ಗುಂಡಿನ ದಾಳಿಯೊಂದರ ಬಳಿಕ ಎಫ್‌ಬಿಐ ಶಂಕಿತನ ಮಸುಕು ಫೋಟೊಗಳನ್ನು ಬಿಡುಗಡೆ ಮಾಡಿದಾಗ, ಜಾಲತಾಣಗಳಲ್ಲಿ ಜನ ಅವನ್ನು ಎಐಗೆ ಕೊಟ್ಟು 'ಕ್ಲಿಯರ್' ಮಾಡಿ ಹಂಚಿದರು. ಮೂಲ ಒಂದೇ ಆಗಿದ್ದರೂ ಒಂದೊಂದರಲ್ಲೂ ಒಂದೊಂದು ಮುಖ ಬಂತು.

ಇದೇ ಬಗೆಯ ತಂತ್ರಜ್ಞಾನ ಇವತ್ತು ನಮ್ಮ ಊರಿನ ಫೋಟೊ ಸ್ಟುಡಿಯೊದಲ್ಲೂ ಕೈಯಲ್ಲಿನ ಫೋನಿನಲ್ಲೂ ಇದೆ. ತಿಥಿಗೆ ಗೋಡೆಯ ಮೇಲಿಡಲು ಅಜ್ಜಿಯ ಹಳೆಯ ಫೋಟೊ ಕೊಟ್ಟರೆ, ಅರೆಗಳಿಗೆಯಲ್ಲಿ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟವಾದ ಮುಖ ಬರುತ್ತದೆ. ಮನೆಯವರಲ್ಲಿ ಕೆಲವರು ಖುಷಿಪಡುತ್ತಾರೆ. ಒಬ್ಬರಾದರೂ ದಿಟ್ಟಿಸಿ ನೋಡಿ, "ಚೆನ್ನಾಗಿದೆ, ಆದರೆ ಅಮ್ಮನ ಹಾಗೆ ಕಾಣ್ತಿಲ್ಲ" ಅನ್ನುತ್ತಾರೆ. ನ್ಯಾಯಾಲಯ ನಂಬದ್ದನ್ನು ನಾವು ಗೋಡೆಗೆ ಹಾಕಿಕೊಳ್ಳಬಹುದೇ? ಉತ್ತರಕ್ಕೆ ಮೊದಲು ಆ ಮುಖ ಎಲ್ಲಿಂದ ಬಂತು ಎಂದು ತಿಳಿಯಬೇಕು.

ಮೂಲದಲ್ಲಿ ಇರುವುದೆಷ್ಟು?

ಒಂದು ಲೆಕ್ಕ ಹಾಕೋಣ. ಎಂಟು ಇಂಚು ಅಗಲದ ಹಳೆಯ ಗುಂಪು ಫೋಟೊ. ಮೂರು ಸಾಲಿನಲ್ಲಿ ಸುಮಾರು ಮೂವತ್ತು ಮಂದಿ. ಮಧ್ಯದ ಸಾಲಿನಲ್ಲಿ ಕೂತಿರುವ ಅಜ್ಜಿಯ ಮುಖದ ಅಗಲ ಪ್ರಿಂಟಿನ ಮೇಲೆ 5 ಮಿಲಿಮೀಟರ್. ಯಾರೋ ಅದನ್ನು ಫೋನಿನಲ್ಲಿ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಅಲ್ಲಿ ಚಿತ್ರ ಕುಗ್ಗಿ ಉದ್ದದ ಬದಿ ಸುಮಾರು 1600 ಪಿಕ್ಸೆಲ್ ಆಯಿತು. ಅಂದರೆ ಇಂಚಿಗೆ 200 ಪಿಕ್ಸೆಲ್, ಅಜ್ಜಿಯ ಮುಖಕ್ಕೆ ಅಗಲದಲ್ಲಿ ಸುಮಾರು 40.

ಮುಖದ ಅಗಲದಲ್ಲಿ ಒಂದು ಕಣ್ಣಿನ ಪಾಲು ಹೆಚ್ಚುಕಡಿಮೆ ಐದನೇ ಒಂದು. ಹಾಗಾದರೆ ಅಜ್ಜಿಯ ಕಣ್ಣಿಗೆ ಸಿಕ್ಕಿದ್ದು ಎಂಟು ಪಿಕ್ಸೆಲ್, ಕಪ್ಪು ಗುಡ್ಡೆಗೆ ಮೂರು. ಮೇಲಿನ ರೆಪ್ಪೆಯ ಮಡಿಕೆ, ಕಣ್ಣಿನ ಹೊರತುದಿ ಮೇಲಕ್ಕೆ ಬಾಗಿದೆಯೋ ಕೆಳಕ್ಕೆ ಇಳಿದಿದೆಯೋ ಎನ್ನುವುದು, ತುಟಿಯಂಚಿನ ಗೆರೆ ಇವೆಲ್ಲ ಒಂದು ಪಿಕ್ಸೆಲ್‌ಗಿಂತ ಸಣ್ಣವು. ನಾವು ಒಬ್ಬರನ್ನು 'ಇವರೇ' ಎಂದು ಗುರುತಿಸುವುದು ಬಹುಪಾಲು ಇಂಥ ಸಣ್ಣ ಸಂಗತಿಗಳಿಂದ. ಅವು ಆ ಫೈಲಿನಲ್ಲಿ ಮಸುಕಾಗಿಯೂ ಉಳಿದಿಲ್ಲ, ಇಲ್ಲವೇ ಇಲ್ಲ.

ಮುಖ ಸರಿಪಡಿಸುವ ಜನಪ್ರಿಯ ಎಐ ಮಾಡೆಲ್‌ಗಳು ಕೊಡುವುದು 512 × 512ರ ಮುಖದ ಚೌಕವನ್ನು, ಅಂದರೆ 2,62,144 ಪಿಕ್ಸೆಲ್. ಒಳಗೆ ಹೋದದ್ದು 40 × 40, ಅಂದರೆ 1,600. ಮೂಲದ ಒಂದು ಪಿಕ್ಸೆಲ್‌ನ ಜಾಗದಲ್ಲಿ ಈಗ ನೂರ ಅರವತ್ತಕ್ಕೂ ಹೆಚ್ಚು ಪಿಕ್ಸೆಲ್ ಕೂತಿವೆ. ಅಷ್ಟನ್ನೂ ಯಾರೋ ತುಂಬಬೇಕಾಯಿತು.

ತುಂಬಿದ್ದು ಯಾರ ಮುಖದಿಂದ?

ಈ ಕೆಲಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಎರಡು ಮಾಡೆಲ್‌ಗಳೆಂದರೆ 2021ರಲ್ಲಿ ಟೆನ್ಸೆಂಟ್‌ನ ಸಂಶೋಧಕರು ಹೊರತಂದ ಜಿಎಫ್‌ಪಿಗ್ಯಾನ್ ಮತ್ತು 2022ರಲ್ಲಿ ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದಿಂದ ಬಂದ ಕೋಡ್‌ಫಾರ್ಮರ್. ಎರಡೂ ಮುಖವೆಂದರೆ ಹೇಗಿರುತ್ತದೆ ಎಂದು ಕಲಿತದ್ದು ಎಫ್‌ಎಫ್‌ಎಚ್‌ಕ್ಯು ಎಂಬ ಸಂಗ್ರಹದಿಂದ. ಫ್ಲಿಕರ್ ತಾಣದಿಂದ ಆಯ್ದ 70,000 ಮುಖಗಳ ಈ ಸಂಗ್ರಹವನ್ನು ಎನ್‌ವಿಡಿಯಾದವರು ಸಿದ್ಧಪಡಿಸಿದ್ದರು. ಬಹುಪಾಲು ಡಿಜಿಟಲ್ ಕಾಲದ, ಒಳ್ಳೆಯ ಬೆಳಕಿನ, ಬಣ್ಣದ ಫೋಟೊಗಳು. ಫ್ಲಿಕರ್ ಬಳಸುವವರಲ್ಲಿ ಇದ್ದ ಏರುಪೇರು ಸಂಗ್ರಹದಲ್ಲೂ ಇದೆ ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ.

ಕಲಿಸುವ ಬಗೆ ಹೀಗೆ: ಸ್ಪಷ್ಟವಾದ ಮುಖವನ್ನು ಬೇಕೆಂದೇ ಮಸುಕು ಮಾಡಿ, ಕುಗ್ಗಿಸಿ, ಕಾಳುಕಾಳಾಗಿಸಿ, ಜೆಪೆಗ್‌ನಲ್ಲಿ ಹಿಂಡಿ ಮಾಡೆಲ್‌ಗೆ ಕೊಡುತ್ತಾರೆ. ಅದು ಮೂಲವನ್ನು ಮರಳಿ ಬಿಡಿಸಬೇಕು. ಬಿಡಿಸಿದ್ದು ನಿಜವಾದ ಫೋಟೊದ ಹಾಗೆ ಕಾಣುತ್ತದೆಯೇ ಎಂದು ಇನ್ನೊಂದು ಎಐ ಜಾಲ ಪರೀಕ್ಷಿಸುತ್ತದೆ. ಲಕ್ಷಾಂತರ ಸಲ ಹೀಗೆ ಮಾಡಿದ ಮೇಲೆ, 'ಇಂಥ ಮಸುಕಿನ ಹಿಂದೆ ಸಾಮಾನ್ಯವಾಗಿ ಇಂಥ ಕಣ್ಣು ಇರುತ್ತದೆ' ಎಂಬ ಅಂದಾಜು ಅದಕ್ಕೆ ಕೈಗೂಡುತ್ತದೆ.

ಕೋಡ್‌ಫಾರ್ಮರ್‌ನಲ್ಲಿ ಈ ಅಂದಾಜು ಕಣ್ಣಿಗೆ ಕಟ್ಟುವ ಹಾಗಿದೆ. ಅದರೊಳಗೆ 1024 ತುಣುಕುಗಳ ಒಂದು ಕೋಶವಿದೆ. ಮುಖವನ್ನು 16 × 16 ಮನೆಗಳಾಗಿ ಹಂಚಿಕೊಂಡು, ಪ್ರತಿ ಮನೆಗೂ ಕೋಶದಿಂದ ತಕ್ಕದ್ದೆನಿಸಿದ ತುಣುಕನ್ನು ಆರಿಸುತ್ತದೆ. ರಂಗೋಲಿಯ ಅಚ್ಚುಗಳ ಪೆಟ್ಟಿಗೆಯಿಂದ ಒಂದೊಂದೇ ಅಚ್ಚು ತೆಗೆದು ಚುಕ್ಕಿಗಳ ಮೇಲೆ ಇಟ್ಟ ಹಾಗೆ. ಅಜ್ಜಿಯ ಕಣ್ಣಿನ ಎಂಟು ಪಿಕ್ಸೆಲ್ ಇದ್ದ ಕಡೆ ಬಂದು ಕೂತದ್ದು ಯಾರದೋ ಸಾವಿರಾರು ಕಣ್ಣುಗಳಿಂದ ಕಲಿತ ಅಚ್ಚು.

ಇದಕ್ಕೂ ಮೊದಲಿನ ಹಂತದಲ್ಲೇ ಎಡವಬಹುದು. ಸಾಫ್ಟ್‌ವೇರ್ ಮೊದಲು ಚಿತ್ರದಲ್ಲಿ ಮುಖ ಎಲ್ಲಿದೆಯೆಂದು ಹುಡುಕಿ, ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಅಂಚು, ಹೀಗೆ ಐದು ಗುರುತು ಹಾಕಿಕೊಳ್ಳುತ್ತದೆ. ಆ ಗುರುತಿಗೆ ಸರಿಯಾಗಿ ಮುಖವನ್ನು ನೇರಮಾಡಿ ಕತ್ತರಿಸಿ, ಸರಿಪಡಿಸಿ, ಮತ್ತೆ ಅದೇ ಜಾಗಕ್ಕೆ ಅಂಟಿಸುತ್ತದೆ. ಪ್ರಿಂಟಿನ ಬಿರುಕು ಕಣ್ಣಿನ ಮೇಲೆ ಹಾದಿದ್ದರೆ ಗುರುತು ಎರಡು ಪಿಕ್ಸೆಲ್ ಸರಿಯಬಹುದು. 40ರಲ್ಲಿ ಎರಡು ಅಂದರೆ ಮುಖದ ಇಪ್ಪತ್ತನೇ ಒಂದು ಪಾಲು. ಕಣ್ಣುಗಳ ನಡುವಿನ ಅಂತರವೇ ಬದಲಾಗಿಬಿಡಬಹುದು.

ಗೊತ್ತಿದ್ದ ಮುಖವಾದ್ದರಿಂದ ಸಿಕ್ಕಿಬಿದ್ದ ತಪ್ಪು

2020ರ ಜೂನ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಪಲ್ಸ್ ಎಂಬ ಮಾಡೆಲ್‌ಗೆ ಯಾರೋ ಬರಾಕ್ ಒಬಾಮ ಅವರ ಚೌಕಚೌಕವಾಗಿ ಮಸುಕಾಗಿದ್ದ ಚಿತ್ರ ಕೊಟ್ಟರು. ಹೊರಬಂದದ್ದು ಬಿಳಿಯ ಗಂಡಸೊಬ್ಬನ ಸ್ಪಷ್ಟ ಮುಖ. ಜಗತ್ತಿನಾದ್ಯಂತ ಚರ್ಚೆಯಾಯಿತು. ಕಲಿಕೆಯ ಚಿತ್ರಗಳಲ್ಲಿನ ಏರುಪೇರು ಆ ಚರ್ಚೆಯ ಮುಖ್ಯ ವಿಷಯವಾಗಿತ್ತು, ಅದು ನ್ಯಾಯವೂ ಹೌದು.

ಆದರೆ ಆ ಪ್ರಕರಣದಲ್ಲಿ ಇನ್ನೊಂದು ಪಾಠವಿದೆ. ಪಲ್ಸ್ ಕೆಲಸ ಮಾಡುವುದು ಹೀಗೆ: ಕುಗ್ಗಿಸಿದಾಗ ಮೂಲದ ಮಸುಕು ಚಿತ್ರಕ್ಕೆ ಹೊಂದುವಂಥ ಒಂದು ಸ್ಪಷ್ಟ ಮುಖವನ್ನು ಅದು ಹುಡುಕುತ್ತದೆ. ಆ ಬಿಳಿಯ ಮುಖವನ್ನು ಕುಗ್ಗಿಸಿದರೆ ಒಬಾಮ ಅವರ ಮಸುಕು ಚಿತ್ರಕ್ಕೆ ಹೊಂದುವಂತಿತ್ತು. ಅಂದರೆ ಮಾಡೆಲ್ ತನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಂದು ಮಸುಕಿಗೆ ಸರಿಹೊಂದುವ ಮುಖಗಳು ಎಷ್ಟೋ ಇರುತ್ತವೆ. ಅದು ಒಂದನ್ನು ಎತ್ತಿಕೊಟ್ಟಿತು. ಎತ್ತಿದ್ದು ಬೇರೆಯವರದೆಂದು ತಿಳಿದದ್ದು ಒಬಾಮ ಅವರ ಮುಖ ಲೋಕಕ್ಕೆಲ್ಲ ಗೊತ್ತಿದ್ದರಿಂದ ಮಾತ್ರ.

1935ರಲ್ಲಿ ತೆಗೆಸಿದ ಮುತ್ತಜ್ಜಿಯ ಫೋಟೊದ ವಿಷಯದಲ್ಲಿ ಆ ತಪ್ಪು ಹಿಡಿಯುವವರು ಯಾರು? ಅವರನ್ನು ಕಣ್ಣಾರೆ ಕಂಡವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರಬಹುದು, ಇಲ್ಲದೆಯೂ ಇರಬಹುದು. ಈ ತಂತ್ರ ಹೆಚ್ಚು ಬಳಕೆಯಾಗುವುದು ತಪ್ಪು ಗುರುತಿಸಲು ಯಾರೂ ಇಲ್ಲದ ಕಡೆಯಲ್ಲೇ. ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ಗಂಟು ಇಲ್ಲಿದೆ.

ಕುಂಕುಮ ಕಪ್ಪಾಗಿ ಕಾಣುತ್ತಿದ್ದ ಫೋಟೊಗಳು

ಹಳೆಯ ಫೋಟೊ ಎಂದರೆ ಮಸುಕಾದ ಹೊಸ ಫೋಟೊ ಅಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಗಾಜಿನ ಪ್ಲೇಟುಗಳಲ್ಲಿ ಬಹುಪಾಲಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಕೆಲವಕ್ಕೆ ನೀಲಿ ಮಾತ್ರ, ಉಳಿದವಕ್ಕೆ ನೀಲಿ ಮತ್ತು ಹಸಿರು. ಹಾಗಾಗಿ ಕೆಂಪು ವಸ್ತುಗಳೆಲ್ಲ ಪ್ರಿಂಟಿನಲ್ಲಿ ಕಪ್ಪಾದವು. ಹಣೆಯ ಕುಂಕುಮ ಕಪ್ಪು ಚುಕ್ಕೆಯಾಯಿತು, ಎಲೆಅಡಿಕೆಯ ತುಟಿ ಗಾಢವಾಯಿತು, ಗೋಧಿ ಬಣ್ಣದ ಚರ್ಮ ನಿಜಕ್ಕಿಂತ ಕಪ್ಪಾಗಿ ಬಂತು, ಮುಖದ ಕಲೆಗಳು ಎದ್ದು ಕಂಡವು.

ಕಲಿಕೆಯಲ್ಲಿ ಮಾಡೆಲ್ ಕಂಡ ಹಾನಿಗಳು ಮಸುಕು, ಕಾಳು, ಜೆಪೆಗ್ ಇಂಥವು. ಕೆಂಪು ಕಾಣದ ಪ್ಲೇಟು ಆ ಪಟ್ಟಿಯಲ್ಲಿಲ್ಲ. ಹಣೆಯ ನಡುವೆ ಎರಡು ಪಿಕ್ಸೆಲ್ ಅಗಲದ ಕಪ್ಪು ಚುಕ್ಕೆ ಎದುರಾದಾಗ ಅದನ್ನು ಕಲೆಯೆಂದು ತಿಳಿದು ಚರ್ಮದೊಳಗೆ ಕರಗಿಸಬಹುದು, ಇಲ್ಲವೇ ಹುಬ್ಬಿನ ಕಡೆಗೆ ಎಳೆದುಬಿಡಬಹುದು. ಮೂಗಿನ ಬದಿಯಲ್ಲಿ ಮಿಂಚುವ ಮೂಗುತಿ ಬೆಳಕಿನ ಚುಕ್ಕೆಯಾಗಿ ಉಳಿಯುತ್ತದೆ, ಇಲ್ಲವೇ ಹೊಳ್ಳೆಯನ್ನೇ ಅಗಲವಾಗಿಸುತ್ತದೆ. ಹಣೆಯ ಮೂರು ವಿಭೂತಿ ಗೆರೆ ಸುಕ್ಕಾಗಬಹುದು. ಒಂದು ಸಣ್ಣ ಗುರುತು ಹೋದರೆ ಏನಾಯಿತು ಎನ್ನುವ ಹಾಗಿಲ್ಲ. ಹಣೆಯಲ್ಲಿದ್ದದ್ದು ಕುಂಕುಮವೋ ವಿಭೂತಿಯೋ ನಾಮವೋ, ಅಥವಾ ಬರಿಯ ಹಣೆಯೋ ಎಂಬುದು ಆ ಕಾಲದಲ್ಲಿ ಆ ವ್ಯಕ್ತಿ ಯಾರು, ಯಾವ ಮನೆಯವರು, ಬಾಳಿನ ಯಾವ ಘಟ್ಟದಲ್ಲಿದ್ದರು ಎಂದು ಹೇಳುತ್ತಿತ್ತು. ಗಂಡನನ್ನು ಕಳೆದುಕೊಂಡ ಮೇಲೆ ತೆಗೆಸಿದ ಫೋಟೊವೋ, ಮೊದಲಿನದೋ ಎಂದು ಎಷ್ಟೋ ಮನೆಗಳಲ್ಲಿ ಗೊತ್ತುಮಾಡಿಕೊಳ್ಳುವುದು ಆ ಚುಕ್ಕೆಯಿಂದಲೇ.

ಹಳೆಯ ಫೋಟೊ ಮಾತ್ರ ಪರಿಶುದ್ಧ ಸತ್ಯವೇ ಎಂದು ಕೇಳಬಹುದು. ಅಲ್ಲ. ಆಗಿನ ಸ್ಟುಡಿಯೊಗಳಲ್ಲೂ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಟಚ್ಚಿಂಗ್ ಮಾಡಿ ಸುಕ್ಕು, ಕಲೆ ಅಳಿಸುತ್ತಿದ್ದರು. ವ್ಯತ್ಯಾಸವಿಷ್ಟೆ: ಟಚ್ಚಿಂಗ್ ಮಾಡುವವನ ಎದುರು ಆ ಮುಖದ ಪೂರ್ತಿ ವಿವರವುಳ್ಳ ನೆಗೆಟಿವ್ ಇತ್ತು. ಅವನು ಇದ್ದದ್ದನ್ನು ಕೊಂಚ ಮರೆಮಾಡಿದ. ಮಾಡೆಲ್ ಇಲ್ಲದ್ದನ್ನು ಸೇರಿಸುತ್ತದೆ.

ಸ್ಪಷ್ಟತೆ ಬೇಕೋ, ಹೋಲಿಕೆ ಬೇಕೋ?

ಮಾಡೆಲ್ ಇನ್ನಷ್ಟು ಸುಧಾರಿಸಿದರೆ ತೊಂದರೆ ತಪ್ಪುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅರ್ಧ ಮಾತ್ರ ನಿಜ. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಬ್ಲಾವ್ ಮತ್ತು ಮಿಖಾಯೆಲಿ 2018ರಲ್ಲಿ ಗಣಿತದಿಂದ ತೋರಿಸಿಕೊಟ್ಟ ಸಂಗತಿಯೆಂದರೆ, ಒಂದು ಹಂತದ ನಂತರ ಚಿತ್ರ ಹೆಚ್ಚು ಸಹಜವಾಗಿ ಕಾಣಬೇಕೆಂದರೆ ಮೂಲದಿಂದ ಹೆಚ್ಚು ದೂರ ಹೋಗಲೇಬೇಕು. ಕಾರಣ ಸರಳ. ಸಾಧ್ಯವಿರುವ ಎಲ್ಲ ಮುಖಗಳ ಸರಾಸರಿ ತೆಗೆದರೆ ತಪ್ಪು ಕಡಿಮೆ, ಆದರೆ ಸರಾಸರಿ ಯಾವಾಗಲೂ ಮಸುಕು. ಮಸುಕು ಬೇಡವೆಂದರೆ ಯಾವುದಾದರೂ ಒಂದು ಮುಖಕ್ಕೆ ಗಂಟುಬೀಳಬೇಕು, ಆ ಒಂದು ಮುಖ ಅಜ್ಜಿಯದೇ ಆಗಿರಬೇಕೆಂದಿಲ್ಲ.

ಕೋಡ್‌ಫಾರ್ಮರ್ ಮಾಡಿದವರು ಈ ಎಳೆದಾಟವನ್ನು ಮುಚ್ಚಿಡದೆ ಬಳಸುವವರ ಕೈಗೇ ಒಂದು ತಿರುಗಣೆ ಕೊಟ್ಟರು. ಅದು ಆಜ್ಞೆಯಲ್ಲಿ ಬರೆಯುವ `-w`, ಬೆಲೆ 0ಯಿಂದ 1ರವರೆಗೆ. ಸೊನ್ನೆಯ ಹತ್ತಿರ ಮಾಡೆಲ್ ಬಹುಪಾಲು ತನ್ನ ಅಚ್ಚುಗಳನ್ನೇ ನಂಬುತ್ತದೆ, ಮುಖ ನುಣುಪಾಗಿ ಬರುತ್ತದೆ. ಒಂದರ ಹತ್ತಿರ ಮೂಲ ಚಿತ್ರದಿಂದ ಬಂದ ಗುರುತುಗಳಿಗೆ ಬೆಲೆ ಕೊಡುತ್ತದೆ, ಮುಖ ಕಡಿಮೆ ಸ್ಪಷ್ಟ, ಹೆಚ್ಚು ಹೋಲಿಕೆ. ಒಂದೇ ಫೋಟೊವನ್ನು `inputs/ajji` ಫೋಲ್ಡರಿನಲ್ಲಿಟ್ಟು ಎರಡು ತುದಿಗಳ ಹತ್ತಿರವೂ ಓಡಿಸಿ ನೋಡುವುದು ಬಹಳ ಉಪಯುಕ್ತ:

```
python inference_codeformer.py -w 0.2 --input_path inputs/ajji
python inference_codeformer.py -w 0.9 --input_path inputs/ajji
```

ಎರಡು ಫಲಿತಾಂಶವನ್ನು ಒಂದರ ಮೇಲೊಂದಿಟ್ಟು ಅದಲುಬದಲು ಮಾಡಿದರೆ, ಎಲ್ಲಿ ಮುಖ ಕದಲುತ್ತದೋ ಅಲ್ಲಿ ಮಾಡೆಲ್ ಊಹಿಸಿದೆ ಎಂದು ಅರ್ಥ. ಅಜ್ಜಿಯ 40 ಪಿಕ್ಸೆಲ್ ಮುಖದಲ್ಲಿ ಹೀಗೆ ಕದಲುವುದು ಸಾಮಾನ್ಯವಾಗಿ ರೆಪ್ಪೆಯ ಮಡಿಕೆ, ಮೂಗಿನ ತುದಿ ಮತ್ತು ಬಾಯಿ. ಮುಚ್ಚಿದ ತುಟಿಗಳ ನಡುವಿನ ಕಪ್ಪು ಗೆರೆ ಒಂದರಲ್ಲಿ ಬಿಗಿದ ಬಾಯಿಯಾದರೆ ಇನ್ನೊಂದರಲ್ಲಿ ಹಲ್ಲು ಕಾಣುವ ನಗುವಾಗಬಹುದು. 1 ಇಟ್ಟರೂ ಊಹೆ ಪೂರ್ತಿ ನಿಲ್ಲುವುದಿಲ್ಲ. ಚಿತ್ರ ಆಗಲೂ ಹಾದುಹೋಗುವುದು ಅದೇ ಅಚ್ಚುಗಳಿಂದ ಬಿಡಿಸಲು ಕಲಿತ ಜಾಲದ ಮೂಲಕ.

ಜಿಎಫ್‌ಪಿಗ್ಯಾನ್‌ನವರೂ ಇದನ್ನು ಮರೆಮಾಚಿಲ್ಲ. ಅದರ 1.3 ಆವೃತ್ತಿಯ ಗುಣದೋಷಗಳ ಪಟ್ಟಿಯಲ್ಲಿ ವ್ಯಕ್ತಿಯ ಗುರುತು ಸ್ವಲ್ಪ ಬದಲಾಗುತ್ತದೆ ಎಂದು ಅವರೇ ಬರೆದಿದ್ದಾರೆ. ಇವನ್ನು ಒಳಗಿಟ್ಟುಕೊಂಡು ಒಂದೇ ಗುಂಡಿ ತೋರಿಸುವ ಫೋನ್ ಆ್ಯಪ್‌ಗಳಲ್ಲಿ ಆ ಎಚ್ಚರಿಕೆಯೂ ಕಾಣದು, ಆ ತಿರುಗಣೆಯೂ ಸಿಗದು. ಮಾತಿನಲ್ಲಿ ಹೇಳಿದರೆ ಚಿತ್ರ ತಿದ್ದಿಕೊಡುವ ಹೊಸ ಎಐ ಸಾಧನಗಳು ಇನ್ನೂ ಮುಂದೆ ಹೋಗಿ ಇಡೀ ಚಿತ್ರವನ್ನು ಹೊಸದಾಗಿ ಬಿಡಿಸುವುದರಿಂದ ಅಲ್ಲಿ ಜಾರುವ ಸಾಧ್ಯತೆ ಇನ್ನೂ ಹೆಚ್ಚು.

ಯಾರ ವಾದ ಏನು?

ಸ್ಟುಡಿಯೊದವರ ಮತ್ತು ಹಲವು ಕುಟುಂಬಗಳ ವಾದ: ಇದು ಸಾಕ್ಷ್ಯವಲ್ಲ, ನೆನಪು. ಏನೂ ಕಾಣದ ಮುಖಕ್ಕಿಂತ ಹತ್ತಿರದ ಮುಖ ಮೇಲು. ಚಿತ್ರಕಾರರಿಂದ ಬರೆಸಿದ ತೈಲಚಿತ್ರವನ್ನು ಒಪ್ಪುತ್ತಿದ್ದ ನಾವು ಇದನ್ನೇಕೆ ಒಪ್ಪಬಾರದು? ಈ ಮಾತಿನಲ್ಲಿ ತೂಕವಿದೆ. ಆದರೆ ತೈಲಚಿತ್ರ ನೋಡಿದವರಿಗೆ ಅದು ಕೈಯಿಂದ ಬರೆದದ್ದೆಂದು ಗೊತ್ತಿರುತ್ತದೆ. ಮಾಡೆಲ್ ಕೊಟ್ಟದ್ದು ಫೋಟೊದ ವೇಷದಲ್ಲೇ ಇರುತ್ತದೆ.

ಮಾಡೆಲ್ ಕಟ್ಟುವವರು ಹೇಳುವುದು, ಕಲಿಸುವಾಗ ಮುಖ ಗುರುತಿಸುವ ಇನ್ನೊಂದು ಜಾಲವನ್ನು ಕಾವಲಿಗಿಟ್ಟಿದ್ದೇವೆ, ಬೇರೆಯವರಂತೆ ಕಂಡರೆ ದಂಡ ಬೀಳುತ್ತದೆ ಎಂದು. ಜಿಎಫ್‌ಪಿಗ್ಯಾನ್‌ನಲ್ಲಿ ಇದು ನಿಜಕ್ಕೂ ಇದೆ. ತೊಡಕೆಂದರೆ ಆ ಕಾವಲು ನಡೆಯುವುದು ಕಲಿಕೆಯ ಹೊತ್ತಿನಲ್ಲಿ, ಹೋಲಿಸಲು ಸ್ಪಷ್ಟ ಮೂಲ ಕೈಯಲ್ಲಿದ್ದಾಗ. ಅಜ್ಜಿಯ ಫೋಟೊ ಬಂದಾಗ ಹೋಲಿಸಲು ಏನೂ ಇಲ್ಲ. ಅದೇ ವ್ಯಕ್ತಿಯ ಬೇರೆ ಸ್ಪಷ್ಟ ಫೋಟೊಗಳನ್ನು ಜೊತೆಗೆ ಕೊಟ್ಟು ಸರಿಪಡಿಸುವ ಮಾಡೆಲ್‌ಗಳೂ ಇವೆ, ಅವು ನಿಜಕ್ಕೂ ಒಳ್ಳೆಯ ದಾರಿ. ಆದರೆ ಬಾಳಿನಲ್ಲಿ ಒಂದೋ ಎರಡೋ ಸಲ ಫೋಟೊ ತೆಗೆಸಿಕೊಂಡವರಿಗೆ ಆ ದಾರಿ ತೆರೆದಿಲ್ಲ.

ದಾಖಲೆ ಕಾಪಾಡುವವರ ನಿಲುವು ಕಟ್ಟುನಿಟ್ಟು: ಮೂಲ ಮುಟ್ಟಬೇಡಿ, ತಿದ್ದಿದ್ದಕ್ಕೆ ತಿದ್ದಿದ್ದೆಂದು ಹೆಸರಿಡಿ. ಈ ಕಟ್ಟುನಿಟ್ಟು ಏಕೆಂದು 2021ರ ಏಪ್ರಿಲ್‌ನ ಒಂದು ಘಟನೆ ತಿಳಿಸುತ್ತದೆ. ಕಾಂಬೋಡಿಯಾದ ಟುವೊಲ್ ಸ್ಲೆಂಗ್ ಸೆರೆಮನೆಯಲ್ಲಿ ಖ್ಮೇರ್ ರೂಜ್ ಆಡಳಿತ ಕೊಲ್ಲುವ ಮೊದಲು ತೆಗೆದಿದ್ದ ಕೈದಿಗಳ ಫೋಟೊಗಳಿಗೆ ಒಬ್ಬರು ಬಣ್ಣ ತುಂಬಿದರು, ಅವು ಜಾಲತಾಣವೊಂದರ ಲೇಖನದಲ್ಲಿ ಪ್ರಕಟವಾದವು. ಕೆಲವು ಮುಖಗಳಲ್ಲಿ ಮೂಲದಲ್ಲಿಲ್ಲದ ನಗು ಬಂದಿತ್ತು. ಕಾಂಬೋಡಿಯಾದ ಸಂಸ್ಕೃತಿ ಸಚಿವಾಲಯ ಪ್ರತಿಭಟಿಸಿತು, ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. ತುಟಿಯ ಅಂಚು ಒಂದಿಷ್ಟು ಮೇಲಕ್ಕೆ ಹೋದರೆ ಸಾಕು, ಆ ಮನುಷ್ಯ ಪಟ್ಟ ಪಾಡೇ ಸುಳ್ಳಾಗುತ್ತದೆ.

ಮುಂದೆ ಆಗುವುದೇನು?

ಪ್ರಿಂಟ್ ಗೆದ್ದಲು ತಿಂದು ಹೋಗುತ್ತದೆ, ಸ್ಪಷ್ಟವಾದ ಫೈಲು ಕುಟುಂಬದ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಎರಡು ಮೂರು ವರ್ಷದ ಬಳಿಕ ಯಾರೋ ಆ ಫೈಲನ್ನೇ ಮೂಲವೆಂದುಕೊಂಡು ಮತ್ತೊಂದು ಆ್ಯಪ್‌ಗೆ ಕೊಡುತ್ತಾರೆ. ಮೊದಲ ಊಹೆಯ ಮೇಲೆ ಎರಡನೆಯ ಊಹೆ ಕೂರುತ್ತದೆ, ಪ್ರತಿ ಸುತ್ತಿನಲ್ಲೂ ಮುಖ ಮಾಡೆಲ್‌ಗೆ ಪರಿಚಯವಾದ ಮುಖಗಳ ಕಡೆಗೆ ಜಾರುತ್ತದೆ. ಆ ಮೇಲೆ "ಮೊಮ್ಮಗಳಿಗೆ ಅಜ್ಜಿಯದೇ ಮೂಗು" ಎಂದು ಯಾರಾದರೂ ಹೇಳಿದರೆ ಅದು ಯಾವ ಮೂಗು?

ಸಾರ್ವಜನಿಕ ಇತಿಹಾಸದಲ್ಲಿ ಇನ್ನೂ ಒಂದು ಗೊಂದಲವಿದೆ. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ, ಕಿತ್ತೂರು ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ. ಫೋಟೊಗ್ರಫಿ ಲೋಕಕ್ಕೆ ಪ್ರಕಟವಾದದ್ದೇ 1839ರಲ್ಲಿ. ಹಾಗಾಗಿ ಇವರ 'ನಿಜ ಮುಖ' ಎಂದು ಎಐ ಚಿತ್ರ ಬಂದರೆ ಅಲ್ಲಿ ಸರಿಪಡಿಸಲು ಮೂಲವೇ ಇಲ್ಲ. ಅದು ಹಿಂದಿನ ಕಲಾವಿದರ ಕಲ್ಪನೆಯ ಮೇಲೆ ಹಾಕಿದ ಚರ್ಮದ ಹೊಳಪು.

ಫೋಟೊ ಕೊಡುವ ಮುನ್ನ

ಮೊದಲ ಕೆಲಸ ಎಐಗೆ ಸಂಬಂಧಿಸಿದ್ದೇ ಅಲ್ಲ. ವಾಟ್ಸಾಪ್ ಫೈಲು ಬಿಟ್ಟು ಪ್ರಿಂಟನ್ನೇ ಚೌಕಟ್ಟಿನಿಂದ ತೆಗೆದು ಸ್ಕ್ಯಾನ್ ಮಾಡಿಸಬೇಕು. ಮೇಲಿನ ಲೆಕ್ಕದ 5 ಮಿಲಿಮೀಟರ್ ಮುಖ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಪಿಕ್ಸೆಲ್‌ನಂತೆ, ಸುಮಾರು 118 ಪಿಕ್ಸೆಲ್ ಆಗುತ್ತದೆ. ಕಣ್ಣಿಗೆ ಎಂಟರ ಬದಲು ಇಪ್ಪತ್ತಕ್ಕೂ ಹೆಚ್ಚು. ಇವು ಊಹೆಯವಲ್ಲ, ಪ್ರಿಂಟಿನಿಂದ ಬಂದ ನಿಜವಾದ ಪಿಕ್ಸೆಲ್. ನೆಗೆಟಿವ್ ಉಳಿದಿದ್ದರೆ ಇನ್ನೂ ಹೆಚ್ಚು ಸಿಗುತ್ತದೆ. ಪ್ರಿಂಟ್ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಕಿತ್ತು ತೆಗೆಯಬೇಡಿ. ಮುಖದ ಪದರವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಎರಡನೆಯದು, ಮಾಡೆಲ್ ನಿಮ್ಮ ಮನೆಯ ಮುಖಗಳನ್ನು ಎಷ್ಟು ಬದಲಿಸುತ್ತದೆ ಎಂದು ಮೊದಲೇ ಪರೀಕ್ಷಿಸಬಹುದು. ಅಜ್ಜಿಯನ್ನು ಹೋಲುವ ಮಗಳದೋ ತಂಗಿಯದೋ ಸ್ಪಷ್ಟ ಫೋಟೊ ತೆಗೆದುಕೊಳ್ಳಿ. ಕಪ್ಪುಬಿಳುಪು ಮಾಡಿ, ಮುಖ 40 ಪಿಕ್ಸೆಲ್ ಆಗುವಷ್ಟು ಕುಗ್ಗಿಸಿ, ಮಾಡೆಲ್‌ಗೆ ಕೊಡಿ. ಹೊರಬಂದದ್ದನ್ನು ಅವರ ನಿಜವಾದ ಫೋಟೊ ಪಕ್ಕದಲ್ಲಿಟ್ಟು ನೋಡಿ. ಬದುಕಿರುವವರ ಮುಖ ಎಷ್ಟು ಜಾರಿತೋ ಅಜ್ಜಿಯದೂ ಹೆಚ್ಚುಕಡಿಮೆ ಅಷ್ಟು ಜಾರಿರಬಹುದು. ಸ್ಪಷ್ಟ ಮುಖವನ್ನು ಮತ್ತೆ ಕುಗ್ಗಿಸಿ ಮೂಲಕ್ಕೆ ಹೋಲಿಸುವ ಪರೀಕ್ಷೆಯನ್ನೂ ಕೆಲವರು ಮಾಡುತ್ತಾರೆ. ಹೊಂದದಿದ್ದರೆ ಮುಖ ತಪ್ಪೆಂಬುದು ಖಚಿತ. ಹೊಂದಿದರೆ ಏನೂ ಖಚಿತವಾಗದು, ಒಬಾಮ ಪ್ರಕರಣದಲ್ಲಿ ಹೊಂದಿದ್ದ ಹಾಗೆ.

ಬೇರೆಯವರು ಕಳಿಸಿದ ಫೋಟೊ ಸರಿಪಡಿಸಿದ್ದೋ ಅಲ್ಲವೋ ಎಂದು ತಿಳಿಯಲು ಮುಖ ಬಿಟ್ಟು ಅದರ ಸುತ್ತ ನೋಡಿ. ಅಂಟಿಸಿದ ಮುಖ ಹರಿತವಾಗಿದ್ದು ಕಿವಿ, ಕುತ್ತಿಗೆ, ಸೀರೆಯ ಅಂಚು ಮಸುಕಾಗಿಯೇ ಉಳಿದಿರುತ್ತವೆ. ಒಂದು ಓಲೆ ಸ್ಪಷ್ಟ, ಇನ್ನೊಂದು ಬರೀ ಚುಕ್ಕೆ. ಗುಂಪು ಫೋಟೊದಲ್ಲಾದರೆ ಬೇರೆ ಬೇರೆ ಮನೆಯವರ ಕಣ್ಣುಗಳಲ್ಲಿ ಒಂದೇ ಬಗೆಯ ಹೊಳಪು ಕೂತಿರುತ್ತದೆ.

ಸ್ಕ್ಯಾನ್ ಮಾಡಿದ ಮೇಲೂ ಮುಖಕ್ಕೆ 40 ಪಿಕ್ಸೆಲ್ ಮಾತ್ರ ಸಿಕ್ಕಿದರೆ, ಸ್ಟುಡಿಯೊದವರಿಗೆ ಹೇಳಬೇಕಾದದ್ದು ಇಷ್ಟು: ಬಿರುಕು, ಕಲೆ, ಮಾಸಿದ ಬಣ್ಣ ಸರಿಮಾಡಿ, ಹಿನ್ನೆಲೆ ಶುಚಿಮಾಡಿ, ಮುಖವನ್ನು ಮಾಡೆಲ್‌ಗೆ ಕೊಡಬೇಡಿ. ದೊಡ್ಡದು ಮಾಡದೆ ಅಂಗೈ ಅಗಲದ ಪ್ರಿಂಟ್ ತೆಗೆದುಕೊಡಿ. ಆ ಅಳತೆಯಲ್ಲಿ, ಎರಡು ಅಡಿ ದೂರದಿಂದ ನೋಡಿದಾಗ, ಅಜ್ಜಿಯನ್ನು ಕಂಡಿದ್ದವರಿಗೆ ಅವರು ಕೂತ ಭಂಗಿ, ಕತ್ತು ವಾಲಿಸಿದ ರೀತಿ, ಸೆರಗು ಹೊದ್ದ ಬಗೆ ಇವೆಲ್ಲ ಸೇರಿ ಗುರುತು ಸಿಗುತ್ತದೆ. ಮುಖವನ್ನೂ ಸರಿಪಡಿಸಿದ ಇನ್ನೊಂದು ಪ್ರತಿ ಬೇಕೇ ಬೇಕೆಂದರೆ ಮಾಡಿಸಿಕೊಳ್ಳಿ. ಅದರ ಹಿಂಬದಿಯಲ್ಲಿ, ಹಾಗೆಯೇ ಫೈಲಿನ ಹೆಸರಿನಲ್ಲಿ, 'ಮುಖ ಎಐಯಿಂದ ಬಿಡಿಸಿದ್ದು, ಮೂಲ ಇಂಥವರ ಬಳಿ ಇದೆ' ಎಂದು ಮಾಡಿಸಿದ ದಿನವೇ ಬರೆದಿಡಿ.